ಜಿಲ್ಲೆಯ ಅಂಕಿಯೂ ಮೀನು ತಿನ್ನುವವರ ಶುಗರೂ: ಒಂದು ಕರಪತ್ರವನ್ನು ತಿದ್ದಿದ ಅನುಭವ

ಮಲ್ಪೆ ಕಡೆಯ ಒಂದು ಆರೋಗ್ಯ ಶಿಬಿರಕ್ಕೆ ಹಂಚಬೇಕಿದ್ದ ಕರಪತ್ರದ ಕರಡು ನನ್ನ ಕೈಗೆ ಬಂತು. ಮಂಗಳೂರಿನಲ್ಲಿ ಸಮುದಾಯ ವೈದ್ಯಕೀಯ ಕಲಿಸುವವಳು ನಾನು, ಅಂಕಿ ಅಂಶ ನೋಡಿಕೊಡುವ ಕೆಲಸ ಆಗಾಗ ಬರುತ್ತದೆ. ಕರಡಿನಲ್ಲಿ ದಪ್ಪಕ್ಷರದ ಸಾಲು: ‘ಹೆಚ್ಚು ಮೀನು ತಿನ್ನುವವರಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು’. ಕೆಳಗೆ ಒಂದು ಗ್ರಾಫು, ಒಂದು ಅಕ್ಷದಲ್ಲಿ ಮೀನಿನ ಅಂಕಿ, ಇನ್ನೊಂದರಲ್ಲಿ ಶುಗರಿನದ್ದು. ರಾಜ್ಯದ ಆಗಿನ 30 ಜಿಲ್ಲೆಗಳು 30 ಚುಕ್ಕೆಗಳಾಗಿ ಕೂತಿದ್ದವು, ಅವುಗಳ ನಡುವೆ ಮೇಲೇರುವ ಒಂದು ಗೆರೆ.

ಇಂಥದ್ದು ಎದುರಾದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಒಂದು ಚುಕ್ಕೆ ಎಂದರೆ ಯಾರು? ಗ್ರಾಫಿನಲ್ಲಿ ಚುಕ್ಕೆ ಎಂದರೆ ಜಿಲ್ಲೆ. ಸಾಲಿನಲ್ಲಿ ಮಾತ್ರ ಮೀನು ತಿನ್ನುವ ಮನುಷ್ಯ ಬಂದುಬಿಟ್ಟಿದ್ದಾನೆ. ಸಾವಿರಾರು ಜನರನ್ನು ಪರೀಕ್ಷಿಸಿದ ಸಮೀಕ್ಷೆಯೇ ಇರಬಹುದು, ಆದರೆ ಈ ಗೆರೆಯ ಮಟ್ಟಿಗೆ ಲೆಕ್ಕಕ್ಕಿರುವುದು 30 ಸರಾಸರಿಗಳು ಮಾತ್ರ. ಗುಂಪುಗಳ ನಡುವೆ ಕಂಡ ಸಂಬಂಧವನ್ನು ಗುಂಪಿನೊಳಗಿನ ವ್ಯಕ್ತಿಗೆ ಅಂಟಿಸುವ ಈ ತಪ್ಪಿಗೆ ಇಕಲಾಜಿಕಲ್ ಫ್ಯಾಲಸಿ ಎನ್ನುತ್ತಾರೆ.

ಆಮೇಲೆ ಅಂಕಿಗಳ ಮೂಲ ನೋಡಿದೆ. ಶುಗರಿನದ್ದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಯಿಂದ ಬಂದದ್ದು. 15 ವರ್ಷ ದಾಟಿದವರ ಬೆರಳು ಚುಚ್ಚಿ ನೋಡಿದಾಗ 140ಕ್ಕಿಂತ ಹೆಚ್ಚು ಬಂದವರು, ಇಲ್ಲವೇ ಶುಗರಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದರಲ್ಲಿ ಸೇರುತ್ತಾರೆ. ಮೀನಿನ ಅಂಕಿ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನು ಬೇರೆ ಕಡೆಯಿಂದ ತಂದು ಪಕ್ಕದಲ್ಲಿಟ್ಟಿದ್ದರು. ಅಂದರೆ ಒಬ್ಬನೇ ವ್ಯಕ್ತಿಯ ರಕ್ತವೂ ಊಟವೂ ಈ ಅಂಕಿಗಳಲ್ಲಿ ಜೊತೆಯಾಗಿ ಎಲ್ಲೂ ಇಲ್ಲ. ಎರಡು ಅಂಕಿ ಎರಡು ಕಡೆಯಿಂದ ಬಂದು ಜಿಲ್ಲೆಯ ಹೆಸರಿನಲ್ಲಿ ಮಾತ್ರ ಕೂಡಿಕೊಂಡಿವೆ ಎಂದಾದರೆ ವ್ಯಕ್ತಿಯ ಅಪಾಯದ ಮಾತು ಅಲ್ಲಿಗೇ ನಿಲ್ಲಬೇಕು.

ಕರಡು ಬರೆದ ಸ್ನಾತಕೋತ್ತರ ವಿದ್ಯಾರ್ಥಿ ಒಪ್ಪಲಿಲ್ಲ. “ಮೇಡಂ, ಕರಾವಳಿಯಲ್ಲಿ ಮೀನೂ ಹೆಚ್ಚು, ಶುಗರೂ ಹೆಚ್ಚು. ಮತ್ತೆ ಯಾರಿಗೆ ಬರುವುದು?” ಎಂದ. ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾಯಿತು. ಮುಂದಿನವು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಗುಂಡು ಅಂಕಿಗಳು, ಯಾವ ಸಮೀಕ್ಷೆಯವೂ ಅಲ್ಲ.

ಕರಾವಳಿಯ ಒಂದು ಜಿಲ್ಲೆಯಲ್ಲಿ 1,000 ವಯಸ್ಕರು ಎಂದುಕೊಳ್ಳೋಣ. ವಾರಕ್ಕೊಮ್ಮೆಯಾದರೂ ಬಂಗುಡೆಯೋ ಬೂತಾಯಿಯೋ ತಿನ್ನುವವರು 700, ತಿನ್ನದವರು 300. ಒಟ್ಟು ಶುಗರ್ ಇರುವವರು 200. ಜಿಲ್ಲೆಯ ಅಂಕಿ ನಮಗೆ ಕೊಡುವುದು ಇಷ್ಟೇ, ಕೋಷ್ಟಕದ ಅಂಚಿನ ಮೊತ್ತಗಳು. ಮೀನು ತಿನ್ನುವವರಲ್ಲಿ ಎಷ್ಟು ಮಂದಿಗೆ ಶುಗರ್ ಇದೆ, ಎಷ್ಟು ಮಂದಿಗೆ ಇಲ್ಲ, ತಿನ್ನದವರಲ್ಲಿ ಎಷ್ಟು ಎಂದು ಹೇಳುವ ಒಳಗಿನ ನಾಲ್ಕು ಮನೆಗಳು ಖಾಲಿ. ಆ 200 ಮಂದಿಯೂ ಮೀನು ತಿನ್ನುವವರೇ ಆಗಿರಬಹುದು, ಆಗ ಅವರಲ್ಲಿ ಶುಗರ್ ಸುಮಾರು ಶೇ 29. ಒಬ್ಬರೂ ಅಲ್ಲದಿರಬಹುದು, ಆಗ ಅದು ಸೊನ್ನೆ, ತಿನ್ನದವರಲ್ಲಿ ಶೇ 67. ಅಂಚಿನ ಮೊತ್ತ ಎರಡಕ್ಕೂ ಒಪ್ಪುತ್ತದೆ. ಖಾಲಿ ಮನೆಯಲ್ಲಿ ಅತಿ ಕಡಿಮೆ ಎಷ್ಟು ಕೂರಬಹುದು, ಅತಿ ಹೆಚ್ಚು ಎಷ್ಟು ಎಂದು ಹೀಗೆ ಮಿತಿ ಹಾಕುವ ವಿಧಾನವನ್ನು ಅಮೆರಿಕದ ಸಂಶೋಧಕರಾದ ಡಂಕನ್ ಮತ್ತು ಡೇವಿಸ್ 1953ರಲ್ಲಿ ತೋರಿಸಿದರು. ನನಗೆ ಇದಕ್ಕಿಂತ ಉಪಯೋಗಕ್ಕೆ ಬಿದ್ದ ಪರೀಕ್ಷೆ ಇನ್ನೊಂದಿಲ್ಲ. ಕಾಗದ ಪೆನ್ಸಿಲು ಸಾಕು.

ಈಗ ಒಳನಾಡಿನ ಇನ್ನೊಂದು ಜಿಲ್ಲೆ. ಅಲ್ಲೂ 1,000 ಜನ, ಮೀನು ತಿನ್ನುವವರು 100, ಶುಗರ್ ಇರುವವರು 120. ಜಿಲ್ಲೆಗಳನ್ನಷ್ಟೇ ನೋಡಿದರೆ ಮೀನು ಹೆಚ್ಚಿದ್ದಲ್ಲಿ ಶೇ 20, ಕಡಿಮೆ ಇದ್ದಲ್ಲಿ ಶೇ 12. ಗೆರೆ ಮೇಲೇರುತ್ತದೆ. ಖಾಲಿ ಮನೆಗಳನ್ನು ಹೀಗೆ ತುಂಬಿಸಿ ನೋಡಿ: ಕರಾವಳಿಯಲ್ಲಿ ಮೀನು ತಿನ್ನುವ 700ರಲ್ಲಿ 126, ತಿನ್ನದ 300ರಲ್ಲಿ 74. ಒಳನಾಡಿನಲ್ಲಿ ತಿನ್ನುವ 100ರಲ್ಲಿ 10, ತಿನ್ನದ 900ರಲ್ಲಿ 110. ಮೊತ್ತ ಎಲ್ಲೂ ತಪ್ಪಿಲ್ಲ. ಆದರೆ ಕರಾವಳಿಯೊಳಗೆ ಮೀನು ತಿನ್ನುವವರಲ್ಲಿ ಶೇ 18, ತಿನ್ನದವರಲ್ಲಿ ಸುಮಾರು ಶೇ 25. ಒಳನಾಡಿನೊಳಗೆ ಶೇ 10 ಮತ್ತು ಶೇ 12. ಎರಡೂ ಜಿಲ್ಲೆಗಳಲ್ಲಿ ಮೀನು ತಿನ್ನುವವರಿಗೇ ಶುಗರ್ ಕಡಿಮೆ, ಆದರೂ ಜಿಲ್ಲೆಗಳ ಗೆರೆ ತಿರುಗಿ ಮಾತಾಡುತ್ತಿದೆ.

ಇಲ್ಲಿ ಹುಡುಗ ಒಂದು ಒಳ್ಳೆಯ ಮಾತು ಕೇಳಿದ: “ಹಾಗಾದರೆ ಜನರ ಬಿಡಿ ಮಾಹಿತಿ ತಂದರೆ ಆಯಿತಲ್ಲ?” ಅರ್ಧ ಆಯಿತು, ಪೂರ್ತಿ ಆಗಲಿಲ್ಲ. ಅದೇ 2,000 ಜನರನ್ನು ಜಿಲ್ಲೆ ಮರೆತು ಒಂದೇ ರಾಶಿ ಮಾಡಿ. ಮೀನು ತಿನ್ನುವ 800ರಲ್ಲಿ 136, ಅಂದರೆ ಶೇ 17. ತಿನ್ನದ 1,200ರಲ್ಲಿ 184, ಸುಮಾರು ಶೇ 15. ಮೀನು ಮತ್ತೆ ಅಪರಾಧಿ! ಮೀನು ತಿನ್ನುವವರಲ್ಲಿ ಬಹುಪಾಲು ಶುಗರ್ ಹೆಚ್ಚಿರುವ ಜಿಲ್ಲೆಯವರಾದ್ದರಿಂದ ಆ ಜಿಲ್ಲೆಯ ಭಾರ ಮೀನಿನ ತಲೆಗೆ ಬಿತ್ತು. ಹಾಗಾಗಿ ಬಿಡಿ ಮಾಹಿತಿ ಸಿಕ್ಕಾಗಲೂ ಒಂದೇ ಜಿಲ್ಲೆಯೊಳಗಿನವರನ್ನು ಒಬ್ಬರಿಗೊಬ್ಬರು ಹೋಲಿಸಿ ನೋಡಬೇಕು. ಅನೇಕ ವರದಿಗಳು ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ, ಏಕೆಂದರೆ ಮನೆಮನೆಯ ಮಾಹಿತಿ ಎಂದ ಕೂಡಲೇ ಓದುವವರ ಅನುಮಾನ ಕಳೆದುಹೋಗುತ್ತದೆ.

ಜಿಲ್ಲೆಯ ಭಾರ ಎಂದರೆ ಏನು? ನಮ್ಮಲ್ಲಿ ಮೊದಲು ನೋಡಬೇಕಾದದ್ದು ವಯಸ್ಸು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಅರುವತ್ತು ದಾಟಿದವರ ಪಾಲು ರಾಜ್ಯದ ಸರಾಸರಿಗಿಂತ ಹೆಚ್ಚು. ಮಕ್ಕಳು ಕಡಿಮೆ, ದುಡಿಯುವವರು ಮುಂಬೈಗೋ ಗಲ್ಫಿಗೋ ಹೋಗಿದ್ದಾರೆ, ಮನೆಯಲ್ಲಿ ಉಳಿದವರು ಹಿರಿಯರು. ಶುಗರ್ ವಯಸ್ಸಿನೊಂದಿಗೆ ಏರುವ ಕಾಯಿಲೆ. ಜಿಲ್ಲಾ ಪಟ್ಟಿಯ ಶೇಕಡಾವಾರು ವಯಸ್ಸಿಗೆ ಹೊಂದಿಸಿದ್ದಲ್ಲ, ಆದ್ದರಿಂದ ಯಾರೂ ಮೀನು ಮುಟ್ಟದಿದ್ದರೂ ಹಿರಿಯರು ಹೆಚ್ಚಿರುವ ಜಿಲ್ಲೆ ಮೇಲೇ ಕಾಣುತ್ತದೆ. ಪಟ್ಟಿಯಲ್ಲಿ ಮಾತ್ರೆ ತೆಗೆದುಕೊಳ್ಳುವವರೂ ಸೇರಿದ್ದಾರೆ. ಆಸ್ಪತ್ರೆ ಹತ್ತಿರವಿದ್ದು ಬೇಗ ಪತ್ತೆಯಾಗಿ, ಔಷಧಿಯಿಂದ ಹತೋಟಿಗೆ ಬಂದವರು ನಮ್ಮಲ್ಲಿ ಲೆಕ್ಕಕ್ಕೆ ಸಿಗುತ್ತಾರೆ.

ಈ ವಿಷಯಕ್ಕೆ ಹೆಸರಾದ ಉದಾಹರಣೆ ಸಮಾಜಶಾಸ್ತ್ರಜ್ಞ ವಿಲಿಯಂ ರಾಬಿನ್ಸನ್ 1950ರಲ್ಲಿ ಕೊಟ್ಟದ್ದು. ಅಮೆರಿಕದ 1930ರ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು, ಸಹಸಂಬಂಧ ಮೈನಸ್ 0.53. ವ್ಯಕ್ತಿಗಳನ್ನು ನೋಡಿದರೆ ಪ್ಲಸ್ 0.12, ಅಂದರೆ ವಲಸೆ ಬಂದವರಲ್ಲೇ ಅನಕ್ಷರಸ್ಥರು ಹೆಚ್ಚು. ಅವರು ಹೋಗಿ ನೆಲೆಸಿದ್ದು ಸಾಕ್ಷರತೆ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೇ.

ಜಿಲ್ಲೆಯ ಅಂಕಿಯನ್ನು ಬಿಸಾಡಬೇಕು ಎನ್ನುವವರೊಂದಿಗೂ ನನಗೆ ಒಪ್ಪಿಗೆ ಇಲ್ಲ. ಯಾವ ಜಿಲ್ಲೆಗೆ ಎಷ್ಟು ಇನ್ಸುಲಿನ್, ಶುಗರ್ ನೋಡುವ ಸ್ಟ್ರಿಪ್ ಎಷ್ಟು ಕಳಿಸಬೇಕು ಎಂಬುದಕ್ಕೆ ಅದೇ ಸರಿಯಾದ ಅಂಕಿ, ವಯಸ್ಸಿಗೆ ಹೊಂದಿಸುವುದೂ ಬೇಡ. ರೋಗಿಗಳು ಹಿರಿಯರೆಂಬ ಕಾರಣಕ್ಕೆ ಔಷಧಿ ಕಡಿಮೆ ಸಾಕಾಗುವುದಿಲ್ಲವಲ್ಲ. ಕೆಲವೊಮ್ಮೆ ಮಿತಿಗಳೂ ಬಿಗಿಯಾಗಿ ಬರುತ್ತವೆ. 1,000ರಲ್ಲಿ 950 ಜನ ಅನ್ನ ಉಣ್ಣುವವರು, 200 ಜನಕ್ಕೆ ಶುಗರ್ ಎಂದಾದರೆ, ಅನ್ನ ಉಣ್ಣುವವರಲ್ಲಿ ಅದು ಸುಮಾರು ಶೇ 16ರಿಂದ 21ರ ಒಳಗೇ ಇರಬೇಕು. ಆದರೆ ಉಳಿದ 50 ಜನರಲ್ಲಿ ಸೊನ್ನೆಯಿಂದ ನೂರರವರೆಗೆ ಏನೂ ಇರಬಹುದು. ಹೋಲಿಸಲು ಎದುರಾಳಿಯೇ ಇಲ್ಲದ ಮೇಲೆ ಅನ್ನ ಅಪಾಯ ಹೆಚ್ಚಿಸಿತೋ ಇಲ್ಲವೋ ಎಂದು ಹೇಳಲಾಗದು.

ಮೀನು ಬಿಟ್ಟರೆ ಮಲ್ಪೆಯ ಎಷ್ಟೋ ಮನೆಗಳಲ್ಲಿ ಒಳ್ಳೆಯ ಪ್ರೋಟೀನಿಗೆ ಬೇರೆ ಸುಲಭದ ದಾರಿ ಇಲ್ಲ. ಆ ಸಾಲು ಹಾಗೇ ಹೋಗಿದ್ದರೆ ಒಬ್ಬ ಅಮ್ಮನಾದರೂ ಊಟದ ಬಟ್ಟಲಿನಿಂದ ಮೀನು ತೆಗೆದು ಇನ್ನೊಂದು ಸೌಟು ಗಂಜಿ ಬಡಿಸಿಕೊಳ್ಳುತ್ತಿದ್ದರು ಎಂಬ ಚಿಂತೆ ನನಗಿತ್ತು. ಸಾಲನ್ನು ಹೊಡೆದುಹಾಕಿ ಹೀಗೆ ಬರೆದೆವು: ‘ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಬಹಳ ಮಂದಿ ಇದ್ದಾರೆ. ಮೂವತ್ತು ದಾಟಿದವರು ಪರೀಕ್ಷೆ ಮಾಡಿಸಿಕೊಳ್ಳಿ.’ ಗ್ರಾಫನ್ನೂ ತೆಗೆದೆವು. ಶಿಬಿರದ ಚೀಟಿಯಲ್ಲಿ ಪ್ರತಿಯೊಬ್ಬರ ವಯಸ್ಸು, ವಾರಕ್ಕೆ ಎಷ್ಟು ಸಲ ಮೀನು, ಮನೆಯಲ್ಲಿ ಯಾರಿಗಾದರೂ ಶುಗರ್ ಉಂಟೋ ಎಂಬುದನ್ನು ರಕ್ತದ ಅಂಕಿಯ ಪಕ್ಕದಲ್ಲೇ ಬರೆಯುವಂತೆ ಮಾಡಿದೆವು. ಕಾಯಿಲೆ ಗೊತ್ತಾದ ಮೇಲೆ ಊಟ ಬದಲಾಯಿಸಿದಿರಾ ಎಂಬ ಇನ್ನೊಂದು ಪ್ರಶ್ನೆಯನ್ನು ಆ ವಿದ್ಯಾರ್ಥಿಯೇ ಸೇರಿಸಿದ. ವೈದ್ಯರ ಮಾತು ಕೇಳಿ ಅನ್ನ ಕಡಿಮೆ ಮಾಡಿ ಮೀನು ಹೆಚ್ಚಿಸಿದವರು ಇದ್ದರೆ ಆ ಚೀಟಿಗಳನ್ನು ಬೇರೆಯಾಗಿ ನೋಡಬೇಕು ಎಂಬುದು ಅವನ ವಾದ.