ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್: ಕರೆಂಟ್ ಯಾವ ದಾರಿ ಹಿಡಿಯುತ್ತದೆ?

ಮೆಟ್ಟಿಲ ಕೆಳಗೊಂದು, ಮೇಲೊಂದು ಹಾಕಿ ಒಂದೇ ದೀಪವನ್ನು ಎರಡೂ ಕಡೆಯಿಂದ ಹಚ್ಚಿ ಆರಿಸುವ ಟು-ವೇ ಸ್ವಿಚ್‌ನ ವೈರಿಂಗ್ ಚಿತ್ರ ಕೈಗೆ ಬಂದಾಗ ನಾನು ಮೊದಲು ಆನ್, ಆಫ್ ಅನ್ನೋದನ್ನೇ ಮರೆಯುತ್ತೇನೆ. ಈ ಸ್ವಿಚ್‌ಗೆ ಆಫ್ ಅಂತ ಒಂದು ಜಾಗವೇ ಇಲ್ಲ. ಹಿಂದೆ ಮೂರು ಟರ್ಮಿನಲ್ ಇರುತ್ತವೆ: ಒಂದು ಕಾಮನ್, ಉಳಿದೆರಡನ್ನು 1, 2 ಅಂದುಕೊಳ್ಳಿ. ಕಾಮನ್ ಯಾವಾಗಲೂ ಇವೆರಡರಲ್ಲಿ ಒಂದಕ್ಕೆ ಸೇರಿಕೊಂಡೇ ಇರುತ್ತದೆ.

ಫೇಸ್ ಕೆಳಗಿನ ಸ್ವಿಚ್‌ನ ಕಾಮನ್‌ಗೆ ಬರುತ್ತದೆ. ಮೇಲಿನ ಸ್ವಿಚ್‌ನ ಕಾಮನ್‌ನಿಂದ ಒಂದು ವೈರ್ ಬಲ್ಬಿಗೆ ಹೋಗುತ್ತದೆ. ಸ್ವಿಚ್‌ಗಳ ನಡುವೆ ಎರಡು ವೈರ್: 1ರಿಂದ 1ಕ್ಕೆ, 2ರಿಂದ 2ಕ್ಕೆ. ನ್ಯೂಟ್ರಲ್ ಸ್ವಿಚ್‌ಗಳ ಗೊಡವೆಗೇ ಬರದೆ ನೇರ ಬಲ್ಬಿಗೆ ಹೋಗುತ್ತದೆ.

ಈಗ ಇದನ್ನು ಕಾಗದದ ಮೇಲೆ ಬರೆದುಕೊಂಡು ಬೆರಳಿಟ್ಟು ಹೋಗಿ. ಎರಡೂ ಸ್ವಿಚ್ 1ರಲ್ಲಿದ್ದರೆ ಫೇಸ್ ಮೊದಲ ವೈರ್ ಹಿಡಿದು ಬಲ್ಬು ಮುಟ್ಟುತ್ತದೆ, ದೀಪ ಉರಿಯುತ್ತದೆ. ಮೇಲಿನದನ್ನು 2ಕ್ಕೆ ಒತ್ತಿ. ಫೇಸ್ ಮೊದಲ ವೈರ್‌ನ ಮೇಲಿನ ತುದಿವರೆಗೂ ಬಂದು ನಿಂತಿದೆ, ಬಲ್ಬು ಎರಡನೇ ವೈರ್‌ಗೆ ಅಂಟಿಕೊಂಡಿದೆ. ದೀಪ ಆರಿತು. ಕೆಳಗಿನದನ್ನೂ 2ಕ್ಕೆ ಒತ್ತಿದರೆ ಎರಡನೇ ವೈರ್‌ನಲ್ಲಿ ದಾರಿ ಸಿಕ್ಕಿ ಮತ್ತೆ ಉರಿಯುತ್ತದೆ. ಅಂದರೆ ಎರಡೂ ಒಂದೇ ವೈರ್ ಹಿಡಿದರೆ ಬೆಳಕು, ಬೇರೆ ಬೇರೆ ಹಿಡಿದರೆ ಕತ್ತಲು. ದೀಪ ಆರಿದ್ದರೂ ಎರಡರಲ್ಲಿ ಒಂದು ವೈರ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಅದಕ್ಕೇ ಎಂಸಿಬಿ ಇಳಿಸದೆ ನಾನು ಬೋರ್ಡ್ ಬಿಚ್ಚುವುದಿಲ್ಲ.

ಒಂದು ಮನೆಯಲ್ಲಿ ದೂರು ಹೀಗಿತ್ತು: "ಅಣ್ಣಾ, ಮೇಲೆ ಸ್ವಿಚ್ ಒಂದು ಕಡೆ ಇದ್ರೆ ಮಾತ್ರ ಕೆಳಗಿನದು ಕೆಲಸ ಮಾಡತ್ತೆ." ಇಷ್ಟು ಕೇಳಿದರೆ ಸಾಕು, ಒಂದು ಸ್ವಿಚ್‌ನಲ್ಲಿ ಕಾಮನ್ ಅದಲುಬದಲಾಗಿದೆ ಅಂತ ಅನುಮಾನ ಬರುತ್ತದೆ. ಅಲ್ಲಿ ಕೆಳಗಿನ ಸ್ವಿಚ್‌ನಲ್ಲಿ ಫೇಸನ್ನು 1ಕ್ಕೆ ಹಾಕಿ, ಮೊದಲ ವೈರನ್ನು ಕಾಮನ್‌ಗೆ ಕೊಟ್ಟಿದ್ದರು. ಆ ಸ್ವಿಚ್ 2ಕ್ಕೆ ಹೋದರೆ ನಡುವಿನ ಎರಡು ವೈರ್‌ಗಳು ಸುಮ್ನೆ ಒಂದಕ್ಕೊಂದು ಸೇರುತ್ತವೆ, ಫೇಸ್ ಹೊರಗೇ ಉಳಿಯುತ್ತದೆ. ನಾಲ್ಕು ಜೋಡಣೆಯಲ್ಲಿ ಎರಡರಲ್ಲಿ ಉರಿಯಬೇಕಾದ ದೀಪ ಒಂದರಲ್ಲಿ ಮಾತ್ರ ಉರಿಯುತ್ತದೆ.

ಕಾಮನ್ ಸಾಮಾನ್ಯವಾಗಿ ನಡುವಿನದು. ಆದರೆ ಎಲ್ಲ ಸ್ವಿಚ್‌ನಲ್ಲೂ ಹಾಗೇ ಇರಬೇಕೆಂದೇನಿಲ್ಲ, ಹಾಗಾಗಿ ನಾನು ನಂಬುವುದು ಮಲ್ಟಿಮೀಟರನ್ನು. ವೈರ್ ಬಿಚ್ಚಿ, ಬೀಪ್ ಮೋಡ್‌ಗೆ ಇಟ್ಟು, ಎರಡೆರಡೇ ಟರ್ಮಿನಲ್ ಮುಟ್ಟಿಸಿ ಸ್ವಿಚ್ ಆಚೆ ಈಚೆ ಒತ್ತುತ್ತೇನೆ. ಯಾವ ಜೋಡಿ ಹೇಗೆ ಒತ್ತಿದರೂ ಕೂಗುವುದಿಲ್ಲವೋ ಅವು 1 ಮತ್ತು 2. ಉಳಿದದ್ದೇ ಕಾಮನ್. ಆಮೇಲೆ 1, 2 ಒಂದು ತುದಿಯಲ್ಲಿ ಅದಲುಬದಲಾದರೂ ತಲೆಕೆಡಿಸಿಕೊಳ್ಳಬೇಡಿ, ದೀಪ ಸರಿಯಾಗೇ ಕೆಲಸ ಮಾಡುತ್ತದೆ.

ಅದೇ ಮನೆಯವರು ಇನ್ನೊಂದು ಕೇಳಿದರು: ಆಫ್ ಮಾಡಿದರೂ ಎಲ್‌ಇಡಿ ಬಲ್ಬು ಮಿಣಮಿಣ ಅನ್ನುತ್ತದಲ್ಲ, ಯಾಕೆ? ಫೇಸ್ ಇರುವ ವೈರ್, ಬಲ್ಬಿಗೆ ಸೇರಿದ ಖಾಲಿ ವೈರ್, ಎರಡೂ ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಬರುತ್ತವೆ. ಪೈಪ್ ಉದ್ದ ಜಾಸ್ತಿಯಾದಷ್ಟೂ ಒಂದರಿಂದ ಇನ್ನೊಂದಕ್ಕೆ ಚೂರು ಕರೆಂಟ್ ದಾಟುತ್ತದೆ. ಕೆಲವು ಎಲ್‌ಇಡಿಗೆ ಅಷ್ಟೇ ಸಾಕು. ಆದರೆ ನ್ಯೂಟ್ರಲ್ಲನ್ನೇ ಸ್ವಿಚ್‌ಗೆ ಕೊಟ್ಟಿದ್ದರೂ ಬಲ್ಬು ಹೀಗೇ ಮಿಣುಕಬಹುದು, ಮೊದಲು ಅದನ್ನು ನೋಡಿಕೊಳ್ಳಬೇಕು.