ಕಾಕಾನ ವಾಯ್ಸ್ ಮೆಸೇಜು, ತಹಶೀಲ್ದಾರರಿಗೆ ಅರ್ಜಿ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ದಿನಕ್ಕೆ ಹತ್ತಾರು ಅರ್ಜಿ ಟೈಪ್ ಮಾಡುತ್ತೇನೆ. ಬಂದವರು ಎದುರು ಕೂತು ಹೇಳುತ್ತಾರೆ, ತಿಳಿಯದಿದ್ದರೆ ಅಲ್ಲೇ ಕೇಳುತ್ತೇನೆ, ಕೆಲಸ ಮುಗಿಯುತ್ತದೆ. 2025ರ ಜನವರಿಯಲ್ಲಿ ಊರಿನಿಂದ ಕಾಕಾ ಕಳಿಸಿದ ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಮಾತ್ರ ನನ್ನನ್ನು ಎರಡು ದಿನ ಕೂರಿಸಿತು. ಹೊಲದ ಹಾದಿ ಮುಚ್ಚಿದವನ ಮೇಲೆ ತಹಶೀಲ್ದಾರರಿಗೆ ಅರ್ಜಿ ಬರೆದುಕೊಡಬೇಕಿತ್ತು. ಮೆಸೇಜಿನ ನಡುವಿನ ಭಾಗ ಹೀಗಿತ್ತು:

"ಏ ಯವ್ವಾ, ನಮ್ಮ್ ಕೆಳಗಿನ ಹೊಲಕ್ಕ ಹೋಗೋ ಬಂಡಿ ಹಾದಿಗಿ ಆಂವ ಮುಳ್ಳ್ ಹಚ್ಯಾನ. ಎಳ್ಳ ಅಮಾಸಿ ಆಗಿ ನಾಕ್ ದಿನಕ್ಕ ಹಚ್ಯಾನ ನೋಡು. ತೊಗರಿ ಕೊಯ್ದದ್ದು ಹಂಗೇ ಬಿದ್ದದ, ರಾಶಿ ಮಷಿನ್ ಒಳಗ ಹೋಗ್ಲಾಕ ಬರವಲ್ದು. ಮುತ್ಯಾನ ಕಾಲದಲಿಂದ ಅದೇ ಹಾದೀಲಿ ಅಡ್ಡಾಡ್ತೀವಿ. ಅವರಪ್ಪ ಇದ್ದಾಗ ಎಂದರ ಒಂದ್ ಮಾತ್ ಅಂದಾನೇನು? ಹೋಗ್ ತಮ್ಮಾ ಹೋಗ್ ಅಂತಿದ್ದ, ಛಲೋ ಮನಷಾ. ಈಗ ಇಂವ ಹಾದಿ ಬಿಡವಲ್ಲ, ಕಾಲ್ ಮುರೀತೀನಿ ಅಂತಾನ."

ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ. ಹಳೇ ನೋಟ್‌ಬುಕ್ ತೆಗೆದು, ನಿಲ್ಲಿಸಿ ನಿಲ್ಲಿಸಿ ಕೇಳುತ್ತ, ಕಾಕಾ ಅಂದದ್ದನ್ನು ಅಂದ ಹಾಗೆಯೇ ಬರೆದುಕೊಂಡೆ. ಕೇಳುತ್ತಲೇ ಗ್ರಾಂಥಿಕಕ್ಕೆ ಹೊರಳಿಸಿದರೆ ಆಗುವ ತೊಂದರೆ ನನಗೆ ಗೊತ್ತು. ಕಿವಿ "ಅದ" ಎಂದು ಕೇಳುತ್ತದೆ, ಕೈ "ಇರುತ್ತದೆ" ಎಂದು ಬರೆಯುತ್ತದೆ, ನಡುವೆ ಏನು ಉದುರಿತು ಎಂದು ಆಮೇಲೆ ಹುಡುಕಲು ಏನೂ ಉಳಿದಿರುವುದಿಲ್ಲ.

ಪ್ರತ್ಯಯಗಳು ಕಷ್ಟ ಕೊಡುವುದಿಲ್ಲ. ಹೊಲದಾಗ ಅಂದರೆ ಹೊಲದಲ್ಲಿ, ಕಾಲದಲಿಂದ ಅಂದರೆ ಕಾಲದಿಂದ, ಹೋಗ್ಲಾಕ ಅಂದರೆ ಹೋಗಲು. ಇದು ನಿದ್ದೆಗಣ್ಣಲ್ಲೂ ಆಗುವ ಕೆಲಸ. ಕಷ್ಟ ಕೊಡುವುದು ಎರಡೂ ಕಡೆ ಇರುವ, ಆದರೆ ಎರಡು ಕಡೆಯೂ ಒಂದೇ ಅರ್ಥ ಕೊಡದ ಶಬ್ದ. "ಮುಳ್ಳ್ ಹಚ್ಯಾನ" ಎಂಬುದನ್ನೇ ನೋಡಿ. ನಾನು ಬೆರಳಿಗೆ ಬಂದಂತೆ "ಮುಳ್ಳು ಹಚ್ಚಿದ್ದಾನೆ" ಎಂದು ಟೈಪ್ ಮಾಡಿಬಿಟ್ಟಿದ್ದೆ. ನಮ್ಮಲ್ಲಿ ಗಿಡ ಹಚ್ಚುತ್ತಾರೆ, ಬಣ್ಣ ಹಚ್ಚುತ್ತಾರೆ, ಮಂದಿಯನ್ನು ಕೆಲಸಕ್ಕೂ ಹಚ್ಚುತ್ತಾರೆ. ಮೈಸೂರು ಕಡೆಯಿಂದ ಬಂದ ಅಧಿಕಾರಿಗೆ ಹಚ್ಚುವುದೆಂದರೆ ಮೊದಲು ನೆನಪಾಗುವುದು ದೀಪ, ಬೆಂಕಿ. ಮುಳ್ಳಿಗೆ ಬೆಂಕಿ ಇಟ್ಟ ಎಂದು ಅವರು ಓದಿಕೊಂಡರೆ ತಪ್ಪು ಅವರದಲ್ಲ. "ಮುಳ್ಳಿನ ಬೇಲಿ ಹಾಕಿ ದಾರಿಯನ್ನು ಮುಚ್ಚಿರುತ್ತಾರೆ" ಎಂದು ತಿದ್ದಿದೆ. ಹಾದಿ ಎಲ್ಲಿ ತಿರುಗುತ್ತದೆ ಎಂದು ಹೇಳುವಾಗ ಕಾಕಾ "ಬನ್ನಿ ಗಿಡದ ಬಾಜೂಲಿಂದ" ಅಂದಿದ್ದ. ನಮಗೆ ಆಕಾಶ ಮುಟ್ಟುವ ಬೇವೂ ಗಿಡವೇ. ಅರ್ಜಿಯಲ್ಲಿ "ಬನ್ನಿ ಮರದ ಪಕ್ಕದಿಂದ" ಎಂದು ಬರೆಯದಿದ್ದರೆ, ಸ್ಥಳಕ್ಕೆ ಬಂದವರು ಮೊಣಕಾಲೆತ್ತರದ ಸಸಿ ಹುಡುಕುತ್ತ ನಿಲ್ಲಬೇಕಾಗುತ್ತದೆ.

"ಬಿಡವಲ್ಲ" ಎಂಬುದಕ್ಕೆ ಇನ್ನಷ್ಟು ಹೊತ್ತು ಹಿಡಿಯಿತು. ಅದು "ಬಿಡುವುದಿಲ್ಲ" ಅಲ್ಲ, ಪೂರ್ತಿ "ಬಿಡುತ್ತಿಲ್ಲ"ವೂ ಅಲ್ಲ. ಮನುಷ್ಯರ ವಿಷಯಕ್ಕೆ ಅಂದಾಗ ಅದರಲ್ಲಿ ಒಲ್ಲೆ ಎಂಬ ಹಟ ಇರುತ್ತದೆ. ಆದರೆ "ಮಳಿ ಬರವಲ್ದು" ಅಂತಲೂ ಅನ್ನುತ್ತೇವಲ್ಲ, ಮಳೆಗೆಂಥ ಹಟ? "ನಿರಾಕರಿಸುತ್ತಿದ್ದಾರೆ" ಎಂದು ಬರೆಯಬೇಕಾದರೆ ಯಾರೋ ಕೇಳಿರಬೇಕು, ಆತ ಇಲ್ಲ ಅಂದಿರಬೇಕು. ಫೋನ್ ಮಾಡಿ ಕೇಳಿದೆ. ಇಬ್ಬರು ಹಿರಿಯರನ್ನು ಕರೆದುಕೊಂಡು ಎರಡು ಸಲ ಅವರ ಮನೆಗೆ ಹೋಗಿದ್ದಂತೆ. ಇದು ಮೆಸೇಜಿನಲ್ಲಿ ಇರಲೇ ಇಲ್ಲ. "ಅದೇನ್ ಹೇಳಾದು, ಹೋಗೇ ಹೋಗ್ತೀವಿ" ಅಂದ ಕಾಕಾ. ಆಗ "ಊರ ಹಿರಿಯರ ಸಮಕ್ಷಮ ಎರಡು ಬಾರಿ ಕೇಳಿಕೊಂಡರೂ ದಾರಿ ಬಿಡಲು ನಿರಾಕರಿಸಿರುತ್ತಾರೆ" ಎಂಬ ಸಾಲು ಬಂತು.

ಇನ್ನು ತಾರೀಖು. ಎಳ್ಳ ಅಮಾವಾಸ್ಯೆ 2024ರ ಡಿಸೆಂಬರ್ 30ಕ್ಕೆ, ಸೋಮವಾರ. ಅದಾಗಿ ನಾಲ್ಕು ದಿನ ಎಂದರೆ ಜನವರಿ 3 ಎಂದು ಲೆಕ್ಕ ಹಾಕಿ ಬರೆದೆ. ಬರೆದ ಮೇಲೆ ಅನುಮಾನ ಬಂತು. ನಮ್ಮ ಹಿರಿಯರು ಎಣಿಸುವಾಗ ಹಬ್ಬದ ದಿನವನ್ನೂ ಹಿಡಿಯುತ್ತಾರೋ ಬಿಡುತ್ತಾರೋ ಹೇಳಲಿಕ್ಕಾಗದು. "ಎಷ್ಟನೇ ತಾರೀಕ ಕಾಕಾ?" ಅಂದರೆ ಏನೂ ಹುಟ್ಟುವುದಿಲ್ಲ. ಅದಕ್ಕೇ "ಅವತ್ತ ನೀ ಎಲ್ಲಿದ್ದಿ?" ಎಂದು ಕೇಳಿದೆ. "ಸಂತಿಗಿ ಹೋಗಿದ್ದೆ, ತಿರುಗಿ ಬರೂದ್ರಾಗ ಹಚ್ಚಿದ್ದ" ಅಂದ. ಪಕ್ಕದೂರ ಸಂತೆ ಗುರುವಾರ. ಹಾಗಾದರೆ ಜನವರಿ 2. ಅಮಾವಾಸ್ಯೆಯನ್ನೂ ಸೇರಿಸಿ ಎಣಿಸಿದ್ದ. ಒಂದು ದಿನದ ವ್ಯತ್ಯಾಸವೇ ಇರಬಹುದು, ಆದರೆ ಎದುರಿನವರು ಮೂರನೇ ತಾರೀಖು ನಾನು ಊರಲ್ಲೇ ಇರಲಿಲ್ಲ ಎಂದು ಚೀಟಿ ತೋರಿಸಿದರೆ ಇಡೀ ಅರ್ಜಿಯೇ ಸುಳ್ಳಿನಂತೆ ಕಾಣುತ್ತದೆ.

"ಮುತ್ಯಾನ ಕಾಲದಲಿಂದ" ಎಂಬುದಕ್ಕೂ ಹೀಗೇ ಒಂದು ಗೂಟ ಬೇಕಿತ್ತು. "ಅನಾದಿ ಕಾಲದಿಂದ" ಎಂದು ಬರೆಯುವ ಚಟ ನಮ್ಮ ಅರ್ಜಿ ಬರೆಯುವವರಿಗೆಲ್ಲ ಇದೆ. ಕೇಳಲು ಗಂಭೀರ, ಒಳಗೆ ಟೊಳ್ಳು. ಕಾಕಾ ಸ್ವತಃ ಆ ಹಾದಿಯಲ್ಲಿ ಬಂಡಿ ಹೊಡೆದದ್ದು ಯಾವಾಗಿನಿಂದ ಎಂದು ಕೇಳಿದಾಗ "ಎಪ್ಪತ್ತೆರಡರ ಬರದಾಗ ಕಣಕಿ ಹೇರಕೊಂಡ್ ಬಂದದ್ದು ನೆಪ್ಪದ" ಅಂದ. "1972ರ ಬರಗಾಲದಿಂದಲೂ ನಾನು ಸ್ವತಃ ಎತ್ತಿನ ಗಾಡಿಯಲ್ಲಿ ಓಡಾಡಿರುತ್ತೇನೆ" ಎಂದು ಬರೆದೆ. ಕಂಡದ್ದು, ನೆನಪಿರುವುದು, ಇಸವಿ ಇರುವುದು.

ನಾನು ನಿಜವಾಗಿ ಎಡವಿದ್ದು "ಹೋಗ್ ತಮ್ಮಾ ಹೋಗ್ ಅಂತಿದ್ದ" ಎಂಬಲ್ಲಿ. ಮೊದಲ ಕರಡಿನಲ್ಲಿ "ಸದರಿಯವರ ತಂದೆಯವರು ನಮಗೆ ಓಡಾಡಲು ಅನುಮತಿ ನೀಡಿದ್ದರು" ಎಂದು ಬರೆದು, ಎಷ್ಟು ಚಂದ ಆಯಿತು ಎಂದು ಖುಷಿಪಟ್ಟಿದ್ದೆ. ಅಷ್ಟರಲ್ಲಿ ನೋಟಿಸ್ ಟೈಪ್ ಮಾಡಿಸಲು ಬಂದ ವಕೀಲರೊಬ್ಬರು ಪರದೆಯ ಮೇಲೆ ಕಣ್ಣಾಡಿಸಿ, "ಇದು ಯಾರ್ದರೀ? ಈ ಒಂದು ಶಬ್ದಕ್ಕೇ ಹಾದಿ ಹೋತದ ನೋಡ್ರಿ" ಅಂದರು. ಅವರು ಬಿಡಿಸಿ ಹೇಳಿದ್ದು ಹೀಗೆ. ಗ್ರಾಮ ನಕಾಶೆಯಲ್ಲಿ ಇರುವ ದಾರಿಯನ್ನು ಬಿಡಿಸಿಕೊಡಲು ತಹಶೀಲ್ದಾರರ ಬಳಿ ಹೋಗಬಹುದು. ನಕಾಶೆಯಲ್ಲಿ ಇಲ್ಲದೆ ಬರೀ ರೂಢಿಯಿಂದ ಬಂದ ದಾರಿಯಾದರೆ ಸಿವಿಲ್ ಕೋರ್ಟಿನಲ್ಲಿ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕೆಳಗೆ, 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಬಳಸಿದ್ದೇವೆ ಎಂದು ತೋರಿಸಬೇಕು. ಇನ್ನೊಬ್ಬರ ಅನುಮತಿಯಿಂದ ಬಳಸಿದ್ದಾದರೆ ಅದು ಹಕ್ಕಾಗುವುದಿಲ್ಲ, ಕೊಟ್ಟವರು ನಾಳೆ ಹಿಂದಕ್ಕೆ ಪಡೆಯಬಹುದು. ನಾವೇ ಸಹಿ ಹಾಕಿ ಕೊಟ್ಟ ಅರ್ಜಿಯಲ್ಲಿ "ಅನುಮತಿ" ಇದ್ದರೆ ಎದುರು ವಕೀಲರಿಗೆ ಅದಕ್ಕಿಂತ ಬೇರೆ ಕಾಗದವೇ ಬೇಡ.

ಹಾಗಂತ ನಮಗೆ ಅನುಕೂಲವಾಗುವ ಶಬ್ದ ಹಾಕಿಬಿಡುವುದೂ ಸರಿಯಲ್ಲ. ಆ ಹಿರಿಯ ನಿಜಕ್ಕೂ ಅನುಮತಿಯನ್ನೇ ಕೊಟ್ಟಿದ್ದರೆ? ಮತ್ತೆ ಕಾಕಾನಿಗೆ ಫೋನ್. ಅನುಮತಿ ಎಂಬ ಶಬ್ದ ಎತ್ತದೆ, "ಅವರಿಗಿ ಕೇಳಿ ಹೋಗ್ತಿದ್ರೇನು?" ಅಂದೆ. ಕಾಕಾನಿಗೆ ಸಿಟ್ಟೇ ಬಂತು. "ಕೇಳೂದೇನದ? ಹಾದಿ ನಮ್ದು. ಬಂಡಿ ಬರೂದು ನೋಡಿ ಅಂವಾನೇ ಎತ್ತ್ ಬಾಜೂಕ ಹೊಡಕೋತಿದ್ದ, ಹೋಗ್ ತಮ್ಮಾ ಅಂತಿದ್ದ." ಅಂದರೆ "ಹೋಗ್ ತಮ್ಮಾ" ಎಂಬುದು ಎದುರು ಬಂದವರನ್ನು ಮಾತಾಡಿಸುವ ರೀತಿಯೇ ಹೊರತು ಪರವಾನಗಿ ಅಲ್ಲ. ಕೊನೆಗೆ ನಿಂತ ಸಾಲು ಇದು: "ಸದರಿಯವರ ತಂದೆಯವರು ತಮ್ಮ ಜೀವಿತಾವಧಿಯಲ್ಲಿ ನಮ್ಮ ಓಡಾಟಕ್ಕೆ ಯಾವುದೇ ತಕರಾರು ಮಾಡಿರುವುದಿಲ್ಲ." ಇದು ಕಾಕಾನ ಇನ್ನೊಂದು ಮಾತಿನ, "ಎಂದರ ಒಂದ್ ಮಾತ್ ಅಂದಾನೇನು" ಎಂಬುದರ, ನೇರ ರೂಪ. ಉತ್ತರ ಅಲ್ಲೇ ಇತ್ತು, ನಾನು ಪಕ್ಕದ ಸಾಲಿಗೆ ಮರುಳಾಗಿದ್ದೆ.

ತಕರಾರು ಎಂಬುದನ್ನೂ ಮೊದಲು "ಆಕ್ಷೇಪಣೆ" ಎಂದು ಬದಲಿಸಿದ್ದೆ, ನಕಾಶೆಯನ್ನು "ಭೂಪಟ" ಮಾಡಿದ್ದೆ. ಶಾಲೆಯಲ್ಲಿ ಕಲಿತ ಕನ್ನಡದ ಸೊಕ್ಕು. ನಿಜಾಮರ ಕಾಲ ಕಂಡ ಸೀಮೆಯ ಹಿರಿಯರ ಬಾಯಲ್ಲಿರುವ ನಕಾಶೆ, ತಕರಾರು, ಕಬ್ಜಾ ಎಲ್ಲ ಕಂದಾಯ ಕಚೇರಿಯ ಮಾತುಗಳೇ. ಪಹಣಿಯಲ್ಲೂ "ಕಬ್ಜೆದಾರ" ಎಂದೇ ಇರುತ್ತದೆ. ಅವನ್ನು ಹಾಗೇ ಬಿಟ್ಟೆ. "ಕಾಲ್ ಮುರೀತೀನಿ" ಎಂಬುದನ್ನೂ ತಿದ್ದಲಿಲ್ಲ. ಬೆದರಿಕೆಯನ್ನು ಅಂದವರ ಮಾತಿನಲ್ಲೇ ಉದ್ಧರಣ ಚಿಹ್ನೆಯ ಒಳಗೆ ಇಡುವುದು ನನ್ನ ರೂಢಿ. "ಜೀವ ಬೆದರಿಕೆ ಹಾಕಿರುತ್ತಾರೆ" ಎಂದರೆ ಅಂದದ್ದಕ್ಕಿಂತ ದೊಡ್ಡದಾಯಿತು. ಕಾಕಾ ಬೈದ ಬೈಗುಳಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲೇ ಬಿಟ್ಟೆ.

ಸಹಿಗೆ ಮುಂಚೆ ಓದಿ ಹೇಳಬೇಕಲ್ಲ. ಅರ್ಜಿಯನ್ನು ಇದ್ದ ಹಾಗೇ ಓದಿದರೆ ಕಾಕಾ ಎಲ್ಲದಕ್ಕೂ "ಹೂಂ" ಅನ್ನುತ್ತಾನೆ, ಅದು ಒಪ್ಪಿಗೆ ಅಲ್ಲ. ಹಾಗಾಗಿ ಒಂದೊಂದು ಸಾಲನ್ನೂ ತಿರುಗಿ ನಮ್ಮ ಮಾತಿಗೆ ತಂದು ಹೇಳಿದೆ. ದಾರಿ ಹೊಲದ ಪಡುವಣ ಅಂಚಿಗಿದೆ ಎಂದು ನಾನು ಬರೆದಿದ್ದೆ, ಮೂಡಣ ಎಂದು ಅಲ್ಲಿ ತಿದ್ದಿದ. ಅಗಲ ಮೊಮ್ಮಗನಿಂದ ಹಗ್ಗ ಹಿಡಿಸಿ ಅಳೆಸಿದ, ಒಂಬತ್ತು ಅಡಿ. ಕೊನೆಗೆ ತಕರಾರು ಎತ್ತಿದ್ದು ಒಂದಕ್ಕೇ: "ಆ ಮಗಗ 'ಅವರು' ಯಾಕ ಹಚ್ಚಿದಿ?" ಕಚೇರಿ ಕಾಗದದಲ್ಲಿ ಎಲ್ಲರೂ ಅವರೇ ಎಂದು ಒಪ್ಪಿಸಲು ಉಳಿದ ಅರ್ಜಿಗೆ ಹಿಡಿದಷ್ಟೇ ಹೊತ್ತು ಹಿಡಿಯಿತು.

ಅರ್ಜಿಗೆ ಗ್ರಾಮ ನಕಾಶೆಯ ಪ್ರತಿ ಲಗತ್ತಿಸಿದ್ದೆವು. ಅದರಲ್ಲಿ ಗಾಡಿ ದಾರಿಗೆ ಎರಡು ತುಂಡು ಗೆರೆ, ಕಾಲುದಾರಿಗೆ ಒಂದು. ನಮ್ಮ ಹಾದಿ ಬನ್ನಿ ಮರದ ತನಕ ಎರಡು ಗೆರೆಯಲ್ಲಿ ಬಂದು, ಅಲ್ಲಿಂದ ಮುಂದೆ ಇರಲೇ ಇಲ್ಲ. ಸ್ಥಳ ಪರಿಶೀಲನೆ ಆಗಿ ಮರದ ತನಕದ ಮುಳ್ಳು ತೆಗೆಸಿದರು. ಮುಂದಿನದಕ್ಕೆ ಸಿವಿಲ್ ಕೋರ್ಟಿಗೆ ಹೋಗಿ ಎಂದರು. ಆ ಸಲದ ತೊಗರಿಯನ್ನು ತಲೆ ಮೇಲೆ ಹೊತ್ತು ಮರದ ಬುಡಕ್ಕೆ ತಂದು ಅಲ್ಲೇ ರಾಶಿ ಮಾಡಿದರು.

ಉಳಿದ ತುಂಡಿಗಾಗಿ ಈಗ ಅದೇ ವಕೀಲರ ಬಳಿ ಕಾಗದ ಇದೆ. ಅವರು ಮೊದಲು ಕೇಳಿದ್ದು ಅರ್ಜಿಯ ಪ್ರತಿ, ಆಮೇಲೆ ಮೂಲ ವಾಯ್ಸ್ ಮೆಸೇಜು. ಫೋನ್ ಬದಲಿಸುವಾಗ ಅದನ್ನು ಬೇರೆ ಕಡೆ ಉಳಿಸಿಟ್ಟಿದ್ದೆ. ನೋಟ್‌ಬುಕ್ಕನ್ನೂ ಕೊಟ್ಟೆ, ಬೈಗುಳದ ಪುಟ ಸಮೇತ.