ಬಿಪಿ ಚಾರ್ಟಿಗೆ ಒಂದು ಕಾಲಂ ಸೇರಿಸಿದ ಮೇಲೆ: ಡೆಂಗಿಯಲ್ಲಿ ಪಲ್ಸ್ ಪ್ರೆಷರ್ ಹಿಡಿದ ಬಗೆ

ಡೆಂಗಿ ವಾರ್ಡಿನ ಚಾರ್ಟಿನಲ್ಲಿ ಬಿಪಿ ಪಕ್ಕಕ್ಕೆ ಪಲ್ಸ್ ಪ್ರೆಷರ್, ಅಂದರೆ ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದ ಅಂತರ, ಬರೆಯುವ ಕಾಲಂ ಹಾಕಿದಾಗ, 'ಕಳೆಯುವ ಲೆಕ್ಕಕ್ಕೂ ಕಾಲಂ ಬೇಕೇ?' ಎಂದು ನಕ್ಕವರೇ ಹೆಚ್ಚು. ಬೇಕು. 106/84 ನೋಡಿದ ಕಣ್ಣು ಮೊದಲು 106ನ್ನೇ ಓದಿ 'ಪರವಾಗಿಲ್ಲ' ಎಂದುಕೊಳ್ಳುತ್ತದೆ. ಪಕ್ಕದಲ್ಲಿ 22 ಎಂದು ಬರೆದಿದ್ದರೆ ಹಾಗೆ ಮುಂದೆ ಹೋಗಲಾಗದು. ಖರ್ಚು ಅಂತ ಆದದ್ದು ಒಂದು ಸ್ಕೇಲು, ಒಂದು ಕೆಂಪು ಪೆನ್ನು.

ಮೊದಲು ಸೋತದ್ದು ಯಂತ್ರದಿಂದ. ದುಡ್ಡು ಸುರಿದು ಕೊಳ್ಳುವ ಆಟೋಮ್ಯಾಟಿಕ್ ಮಾನಿಟರ್ ಕಫ್‌ನ ಮಿಡಿತದಿಂದ ಸರಾಸರಿ ಒತ್ತಡ ಹಿಡಿದು, ಮೇಲಿನ ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕಿ ತೋರಿಸುತ್ತದೆ. ನಾಡಿ ಸಣ್ಣದಾದಷ್ಟೂ ಆ ಲೆಕ್ಕ ನಂಬಲಾಗದು. ಅದು ಬೇಕಾಗುವುದೂ ಆ ಹೊತ್ತಿಗೇ. ಯಂತ್ರ ಎರಡು ಮೂರು ಸಲ ಗಾಳಿ ತುಂಬಿ ಬಿಟ್ಟು ಒದ್ದಾಡಿದರೆ 'ಕೆಟ್ಟಿದೆ' ಎಂದು ಪಕ್ಕಕ್ಕಿಡಬೇಡಿ, ರೋಗಿಯ ಮಣಿಕಟ್ಟು ಮುಟ್ಟಿ ನೋಡಿ.

ಎರಡನೇ ಸೋಲು ನಮ್ಮ ಕೈಯದೇ. ಕೊನೆಯಂಕಿ ಸೊನ್ನೆಯಾಗುವಂತೆ ಸರಿಹೊಂದಿಸಿ ಬರೆಯುವ ಚಟ. 106/84 ಎಂಬುದು 110/80 ಆದರೆ ಅಂತರ 22ರಿಂದ 30ಕ್ಕೆ ಏರಿತು, ರೋಗಿ ಕಾಗದದ ಮೇಲೆ ಚೇತರಿಸಿಕೊಂಡ! ಈಗ ಕೈಯಿಂದಲೇ ಅಳತೆ: ತೋಳಿಗೆ ತಕ್ಕ ಕಫ್, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸುವುದು, ಎರಡರ ಗೆರೆಗೇ ಓದುವುದು. ಅಳುವ ಮಗುವಿನ ತೋಳಲ್ಲಿ ಶಬ್ದ ಹಿಡಿಯಲು ನನ್ನದೊಂದು ಉಪಾಯ ಇದೆ. ಅದನ್ನು ಪಕ್ಕದಲ್ಲಿ ನಿಂತು ತೋರಿಸಬೇಕು, ಬರೆದರೆ ಬಾರದು.

ನಡುವೆ ಆಕ್ಸಿಮೀಟರಿನ ಅಲೆ ಚಪ್ಪಟೆಯಾಗುವುದನ್ನು ನೋಡಿಯೇ ಅಂತರ ಊಹಿಸಲು ಹೊರಟದ್ದೂ ಇದೆ. ಪರದೆ ಅಲೆಯನ್ನು ತಾನೇ ಹಿಗ್ಗಿಸಿ ತೋರಿಸುತ್ತದೆ, ಕೈಬಿಟ್ಟೆ. ಉಗುರು ಒತ್ತಿ ಬಿಟ್ಟು ಬಣ್ಣ ಮರಳುವ ಹೊತ್ತು ಎಣಿಸುವುದು ಮಾತ್ರ ಉಳಿದುಕೊಂಡಿತು. ಎರಡು ಸೆಕೆಂಡು ದಾಟಿದರೆ ಅಂತರದ ಅಂಕಿಗೆ ಸಾಕ್ಷಿ ಸಿಕ್ಕಂತೆ.

ಅರವತ್ತು ಕೆಜಿ ತೂಕದವರ ಚಾರ್ಟ್ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ. ಜ್ವರದ ಐದನೇ ದಿನ, ಬೆಳಿಗ್ಗೆ ಜ್ವರ ಬಿಟ್ಟಿದೆ, ಮನೆಯವರಿಗೆ ಸಮಾಧಾನ. ಎಂಟು ಗಂಟೆಗೆ 118/74, ಅಂತರ 44. ಹನ್ನೆರಡಕ್ಕೆ 112/80, ಅಂತರ 32, ನಾಡಿ 96. ಎರಡಕ್ಕೆ 106/84, ಅಂತರ 22. ಮೂರಕ್ಕೆ 104/86, ಅಂತರ 18, ನಾಡಿ 112, ಪಾದ ತಣ್ಣಗೆ. ಮೇಲಿನದು ಇನ್ನೂ ನೂರರ ಮೇಲೇ ಇದೆ, ರೋಗಿ ಮಾತಾಡುತ್ತಿದ್ದಾರೆ. ಆದರೆ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಶಾಕ್. ಕೆಳಗಿನ ಅಂಕಿ ಏರುತ್ತಿರುವುದೇ ರಕ್ತನಾಳ ಬಿಗಿದು ತಡೆಹಿಡಿದಿರುವ ಗುರುತು. ಆ ಬಿಗಿತ ಸಡಿಲಿದರೆ ಎರಡೂ ಅಂಕಿ ಒಟ್ಟಿಗೇ ಕುಸಿಯುತ್ತವೆ.

ಡ್ರಿಪ್ ಹಾಕುವ ಮೊದಲೇ ಪಿಸಿವಿಗೆ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟೆಂದು ನೋಡಲು, ರಕ್ತ ತೆಗೆಯಿರಿ, ಆಮೇಲೆ ತೆಗೆದರೆ ಹೋಲಿಸಲು ಆಧಾರವಿರದು. ಇಲ್ಲಿ ಮೊದಲ ದಿನದ 40 ಈಗ 48. ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಕೆಜಿಗೆ 5ರಿಂದ 10 ಮಿಲಿ, ಒಂದು ಗಂಟೆಯಲ್ಲಿ. ಅಂದರೆ 300ರಿಂದ 600 ಮಿಲಿ. ಅಂತರ 30ಕ್ಕೆ ಬಂದ ಮೇಲೆ ಅದೇ ವೇಗದಲ್ಲಿ ಓಡಿಸಬಾರದು. ಗಂಟೆಗೆ ಕೆಜಿಗೆ 5ರಿಂದ 7 ಮಿಲಿ, ಆಮೇಲೆ 3ರಿಂದ 5, ಮತ್ತೆ 2ರಿಂದ 3 ಎಂದು ಇಳಿಸುತ್ತಾ ಹೋಗಬೇಕು. ಮೂತ್ರ ಗಂಟೆಗೆ ಕೆಜಿಗೆ ಅರ್ಧ ಮಿಲಿ ಬಂದರೆ ಸಾಕು.

ಅಂತರ ಮತ್ತೆ ಕುಗ್ಗಿದರೆ ಪಿಸಿವಿಯೇ ದಾರಿ ತೋರಿಸಬೇಕು. ಏರಿದ್ದರೆ ರಕ್ತನಾಳದಿಂದ ದ್ರವ ಸೋರುವುದು ನಿಂತಿಲ್ಲ, ಡ್ರಿಪ್ ಸಾಲದು. ಇಳಿದಿದ್ದೂ ನಾಡಿ ಓಡುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ. ಇನ್ನಷ್ಟು ಸಲೈನ್ ಅಲ್ಲ, ರಕ್ತ ತರಿಸಿ. ಪಿಸಿವಿ ಇಳಿದು, ಅಂತರ ಅಗಲವಾಗಿ, ಮೂತ್ರ ಧಾರಾಳವಾದರೆ ಸೋರಿದ್ದು ವಾಪಸ್ ಬರುತ್ತಿದೆ, ಡ್ರಿಪ್ ನಿಲ್ಲಿಸುವ ಹೊತ್ತು.

ವಾಂತಿಭೇದಿಯ ತೀವ್ರ ನಿರ್ಜಲೀಕರಣದಲ್ಲೂ ಅಂತರ ಹೀಗೇ ಕುಗ್ಗುತ್ತದೆ. ಆದರೆ ಅಲ್ಲಿ ನೀರು ದೇಹದಿಂದ ಹೊರಗೇ ಹೋಗಿದೆ. ಒಂದು ವರ್ಷ ದಾಟಿದವರಿಗೆ ಕೆಜಿಗೆ 30 ಮಿಲಿ ಅರ್ಧ ಗಂಟೆಯಲ್ಲಿ, ಉಳಿದ 70 ಎರಡೂವರೆ ಗಂಟೆಯಲ್ಲಿ ಸುರಿಯಬಹುದು. ಪೌಷ್ಟಿಕಾಂಶ ತೀರಾ ಕಡಿಮೆಯಿರುವ ಮಕ್ಕಳ ಲೆಕ್ಕ ಬೇರೆ. ಅದೇ ಧಾರಾಳತನ ಡೆಂಗಿಗೆ ತಂದರೆ ಸುರಿದದ್ದು ಶ್ವಾಸಕೋಶದ ಸುತ್ತ, ಹೊಟ್ಟೆಯಲ್ಲಿ ಸೇರುತ್ತದೆ, ಮರುದಿನ ಉಸಿರು ಕಟ್ಟುತ್ತದೆ.

ಇಪ್ಪತ್ತರ ಗೆರೆಯನ್ನೇ ಕಾಯುವುದೂ ತಪ್ಪು. ವಯಸ್ಸಾದವರಿಗೆ ಮಾಮೂಲಿ ಅಂತರವೇ 60 ಇರಬಹುದು. ಅವರಲ್ಲಿ 35 ಎಂದರೆ ಅರ್ಧಕ್ಕೆ ಹತ್ತಿರ ಹೋಯಿತು. ಅದಕ್ಕೇ ನಮ್ಮ ಚಾರ್ಟಿನಲ್ಲಿ ಕೆಂಪು ಪೆನ್ನು ಬರುವುದು 20ಕ್ಕಲ್ಲ, ಅಂತರ ಸತತ ಎರಡು ಸಲ ಇಳಿದಾಗ. ಮೇಲಿನ ಲೆಕ್ಕದಲ್ಲಿ ಅದು ಎರಡು ಗಂಟೆಗೇ ಬಿದ್ದಿತ್ತು, ಶಾಕಿಗೆ ಒಂದು ಗಂಟೆ ಮೊದಲು.